ಕಾಲ್ ಸೆಂಟರ್ ಕೆಲಸಕ್ಕೆ ರೆಸ್ಯೂಮೆ: ಲೆಕ್ಕ ಒಪ್ಪಿಸುವ ಸಾಲುಗಳು

ಕಾಲ್ ಸೆಂಟರ್ ಕೆಲಸಕ್ಕೆ ಬರುವ ರೆಸ್ಯೂಮೆಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: ‘ಗ್ರಾಹಕರ ಕರೆ ಸ್ವೀಕರಿಸಿ ಅವರ ಸಮಸ್ಯೆಗಳನ್ನು ಪರಿಹರಿಸುವುದು.’ ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದೇ ಫ್ಲೋರ್‌ನಲ್ಲಿ ಹೆಡ್‌ಸೆಟ್ ಹಾಕಿ ಕೂತ ನೂರು ಜನರೂ ಇದೇ ಸಾಲನ್ನು ಬರೆಯಬಹುದು. ನೂರು ಜನಕ್ಕೂ ಹೊಂದುವ ಮಾತು ಯಾರೊಬ್ಬರ ಪರಿಚಯವನ್ನೂ ಹೇಳುವುದಿಲ್ಲ.

ರೆಸ್ಯೂಮೆ ನೋಡುವವರು ಎಚ್‌ಆರ್ ಆಗಿರಲಿ, ಪ್ರೋಸೆಸ್ ನಡೆಸುವ ಮ್ಯಾನೇಜರ್ ಆಗಿರಲಿ, ಅವರಿಗೆ ತಿಳಿಯಬೇಕಾದದ್ದು ಮುಖ್ಯವಾಗಿ ಮೂರು ಸಂಗತಿ. ಇವರ ಹತ್ತಿರ ಮಾತಾಡಿದ ಗ್ರಾಹಕರು ಅದೇ ತೊಂದರೆಗೆ ಮತ್ತೆ ಫೋನ್ ಮಾಡುತ್ತಾರೆಯೇ? ಇವರು ಯಾವ ಯಾವ ಭಾಷೆಯವರನ್ನು ಸಂಭಾಳಿಸಬಲ್ಲರು? ಶಿಫ್ಟ್ ಶುರುವಾಗುವ ಹೊತ್ತಿಗೆ ಸೀಟಿನಲ್ಲಿ ಇರುತ್ತಾರೆಯೇ? ಒಂದೊಂದು ಪ್ರಶ್ನೆಗೂ ಒಂದೊಂದು ಸಾಲು ನೇರವಾಗಿ ಉತ್ತರ ಕೊಟ್ಟರೆ ರೆಸ್ಯೂಮೆ ತನ್ನ ಕೆಲಸ ಮಾಡಿತು. ಆ ಸಾಲು ಹೇಗೆ ಹುಟ್ಟುತ್ತದೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ದಾವಣಗೆರೆ ಕಡೆಯಿಂದ ಬಂದ, ಬಿ.ಕಾಂ. ಓದಿದ ಒಬ್ಬ ಯುವತಿ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಬ್ರಾಡ್‌ಬ್ಯಾಂಡ್ ಕಂಪನಿಯೊಂದರ ಇನ್‌ಬೌಂಡ್ ವಾಯ್ಸ್ ಪ್ರೋಸೆಸ್‌ನಲ್ಲಿ ಒಂದೂವರೆ ವರ್ಷ ಕೆಲಸ ಮಾಡಿ, ಈಗ ಬೇರೆ ಕಡೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಹಳೆಯ ರೆಸ್ಯೂಮೆಯಲ್ಲಿ ಅನುಭವದ ಕೆಳಗೆ ಇದ್ದದ್ದು ಮೂರೇ ಸಾಲು:

- ಗ್ರಾಹಕರ ಕರೆ ಸ್ವೀಕರಿಸಿ ಸಮಸ್ಯೆ ಪರಿಹರಿಸುವುದು.
- ಕನ್ನಡ, ಇಂಗ್ಲಿಷ್, ಹಿಂದಿ ಬಲ್ಲೆ.
- ಯಾವ ಶಿಫ್ಟ್‌ನಲ್ಲಾದರೂ ಕೆಲಸ ಮಾಡಲು ಸಿದ್ಧ.

ರೆಸ್ಯೂಮೆಯನ್ನು ನಾವು ಬರೆಯುವುದು ಇಂಗ್ಲಿಷಿನಲ್ಲೇ. ಇಲ್ಲಿ ಸಾಲುಗಳ ತಿರುಳನ್ನು ಮಾತ್ರ ಕನ್ನಡದಲ್ಲಿ ಕೊಟ್ಟಿದೆ. ಈ ಮೂರನ್ನೂ ಒಂದೊಂದಾಗಿ ಬಿಚ್ಚಿ ಮತ್ತೆ ಕಟ್ಟೋಣ.

ಬಗೆಹರಿದದ್ದು ಎಷ್ಟು, ಅಳೆದದ್ದು ಹೇಗೆ

ಈ ಕ್ಷೇತ್ರದಲ್ಲಿ ಬಗೆಹರಿಸುವಿಕೆಯನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಎಫ್‌ಸಿಆರ್, ಅಂದರೆ ಫಸ್ಟ್ ಕಾಲ್ ರೆಸಲ್ಯೂಷನ್. ಗ್ರಾಹಕರ ತೊಂದರೆ ಮೊದಲ ಕರೆಯಲ್ಲೇ ಮುಗಿಯಿತೇ ಇಲ್ಲವೇ ಎಂಬ ಲೆಕ್ಕ ಅದು. ನಮ್ಮ ಯುವತಿ ದಿನಕ್ಕೆ ಸುಮಾರು 60 ಕರೆಯಂತೆ ತಿಂಗಳಿಗೆ 1,300 ಕರೆ ತೆಗೆದುಕೊಂಡಳು ಎನ್ನಿ. ಅದರಲ್ಲಿ 286 ಗ್ರಾಹಕರು ಏಳು ದಿನದೊಳಗೆ ಅದೇ ತೊಂದರೆಗೆ ಮತ್ತೆ ಫೋನ್ ಮಾಡಿದರು. ಉಳಿದ 1,014 ಕರೆ ಒಂದೇ ಸಲಕ್ಕೆ ಮುಗಿದವು. 1,300ರಲ್ಲಿ 1,014 ಎಂದರೆ 78%. ಅದೇ ತಿಂಗಳು ಅವಳ ತಂಡದ ಸರಾಸರಿ 71% ಇತ್ತು ಎಂದುಕೊಳ್ಳೋಣ.

ಬರೀ ‘78% ಎಫ್‌ಸಿಆರ್’ ಎಂದು ಬರೆದರೆ ಅರ್ಧ ಮಾತ್ರ ಹೇಳಿದಂತೆ. ಏಕೆಂದರೆ ಈ ಅಂಕಿಯನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಲೆಕ್ಕ ಹಾಕುವುದಿಲ್ಲ. ಕೆಲವು ಕಡೆ ಏಜೆಂಟ್ ಕರೆ ಮುಗಿಸುವಾಗ ಟಿಕೆಟ್‌ನಲ್ಲಿ ‘ರಿಸಾಲ್ವ್ಡ್’ ಎಂದು ಒತ್ತಿದರೆ ಅದೇ ಲೆಕ್ಕ. ಅಲ್ಲಿ 95% ಬರುವುದೂ ಕಷ್ಟವಲ್ಲ. ಕೆಲವು ಕಡೆ ಕರೆ ಮುಗಿದ ಮೇಲೆ ‘ನಿಮ್ಮ ಸಮಸ್ಯೆ ಬಗೆಹರಿಯಿತೇ’ ಎಂದು ಗ್ರಾಹಕರನ್ನೇ ಕೇಳುತ್ತಾರೆ. ಉತ್ತರ ಕೊಡುವವರು ಕೆಲವರೇ ಆದ್ದರಿಂದ ಅಂಕಿ ತಿಂಗಳಿಂದ ತಿಂಗಳಿಗೆ ಏರಿಳಿಯುತ್ತದೆ. ಇನ್ನು ಕೆಲವು ಕಡೆ, ನಮ್ಮ ಉದಾಹರಣೆಯಂತೆ, ನಿಗದಿತ ದಿನಗಳೊಳಗೆ ಅದೇ ಗ್ರಾಹಕರು ಮತ್ತೆ ಕರೆ ಮಾಡಿದರೇ ಎಂದು ಸಿಸ್ಟಂ ನೋಡುತ್ತದೆ. ಮೂರರಲ್ಲಿ ಇದೇ ಹೆಚ್ಚು ಕಟ್ಟುನಿಟ್ಟು. ಇಲ್ಲಿ ಬಂದ 78% ಮೊದಲ ಬಗೆಯ 95%ಗಿಂತ ದೊಡ್ಡ ಸಾಧನೆಯಾಗಿರಬಹುದು. ಆದ್ದರಿಂದ ಅಳತೆಯ ಬಗೆಯನ್ನು ಎರಡು ಮೂರು ಪದಗಳಲ್ಲಾದರೂ ಸಾಲಿನೊಳಗೆ ಸೇರಿಸಬೇಕು. ತಂಡದ ಸರಾಸರಿಯನ್ನೂ ಪಕ್ಕದಲ್ಲಿ ಇಡಬೇಕು. ಹೋಲಿಸಲು ಏನೂ ಇಲ್ಲದ ಅಂಕಿಯನ್ನು ಓದಿದವರಿಗೆ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಿಲ್ಲ.

ಸಾಲಿಗೆ ಇನ್ನೂ ಒಂದು ಸಂಗತಿ ಬೇಕು. ಈ ಫಲ ಅವಳಿಗೆ ಹೇಗೆ ಬಂತು? ಕೇಳಿದರೆ ಅವಳು ಎರಡು ಅಭ್ಯಾಸ ಹೇಳುತ್ತಾಳೆ. ರೂಟರ್ ಆಫ್ ಮಾಡಿ ಆನ್ ಮಾಡಿ ಎಂದು ಹೇಳಿ ಫೋನ್ ಇಡದೆ, ದೀಪ ಹಸಿರಾಗಿ, ಗ್ರಾಹಕರು ಒಂದು ಪೇಜ್ ತೆರೆದು ನೋಡುವವರೆಗೆ ಲೈನಿನಲ್ಲೇ ಇರುತ್ತಿದ್ದಳು. ಲೈನ್‌ಮನ್ ಹೋಗಬೇಕಾದ ದೂರುಗಳಲ್ಲಿ, ಏನೇನು ಪರೀಕ್ಷಿಸಿ ಆಯಿತು ಎಂಬುದನ್ನು ಟಿಕೆಟ್‌ನಲ್ಲಿ ಪೂರ್ತಿ ಬರೆಯುತ್ತಿದ್ದಳು. ಹೀಗಾಗಿ ಮುಂದಿನವರು ಮೊದಲಿಂದ ಕೇಳಬೇಕಾಗುತ್ತಿರಲಿಲ್ಲ. ಇದನ್ನೂ ಸೇರಿಸಿದಾಗ ಮೊದಲ ಸಾಲು ಹೀಗಾಗುತ್ತದೆ:

- ತಿಂಗಳಿಗೆ ಸುಮಾರು 1,300 ಬ್ರಾಡ್‌ಬ್ಯಾಂಡ್ ದೂರಿನ ಕರೆಗಳಲ್ಲಿ 78% ಮೊದಲ ಕರೆಯಲ್ಲೇ ಇತ್ಯರ್ಥ (ಏಳು ದಿನದ ಮರುಕರೆ ಲೆಕ್ಕ; ತಂಡದ ಸರಾಸರಿ 71%). ಸಂಪರ್ಕ ಮರಳಿದ್ದನ್ನು ಗ್ರಾಹಕರೊಂದಿಗೆ ಖಚಿತಪಡಿಸಿಕೊಂಡೇ ಕರೆ ಮುಗಿಸುವ ಕ್ರಮ.

ಕೆಲಸದ ಗಾತ್ರ, ಫಲ, ಅಳತೆ, ಹೋಲಿಕೆ, ವಿಧಾನ ಎಲ್ಲವೂ ಎರಡು ವಾಕ್ಯದಲ್ಲಿ ಬಂದವು. ಇದನ್ನು ಪಕ್ಕದ ಸೀಟಿನವರು ನಕಲು ಮಾಡಲಾಗದು.

ಅಂಕಿಗಳು ಒಂದಕ್ಕೊಂದು ಹೊಂದಬೇಕು

ಅನುಭವಿ ಸಂದರ್ಶಕರು ರೆಸ್ಯೂಮೆಯ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುತ್ತಾರೆ. ‘ದಿನಕ್ಕೆ 120 ಕರೆ’ ಎಂದು ಒಂದು ಕಡೆ, ‘ಸರಾಸರಿ ಕರೆ ಅವಧಿ 8 ನಿಮಿಷ’ ಎಂದು ಇನ್ನೊಂದು ಕಡೆ ಇದ್ದರೆ ಗುಣಿಸಿದಾಗ 16 ಗಂಟೆ ಬರುತ್ತದೆ. ಒಂಬತ್ತು ಗಂಟೆಯ ಶಿಫ್ಟ್‌ನಲ್ಲಿ ಅದು ಆಗದ ಮಾತು. ಅಲ್ಲಿಗೆ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ನಮ್ಮ ಯುವತಿಯ ಎಎಚ್‌ಟಿ, ಅಂದರೆ ಒಂದು ಕರೆಗೆ ತಗಲುವ ಸರಾಸರಿ ಸಮಯ, 6 ನಿಮಿಷ 40 ಸೆಕೆಂಡ್ ಎಂದಿಟ್ಟುಕೊಳ್ಳಿ. ಅರವತ್ತು ಕರೆಗೆ 400 ನಿಮಿಷ, ಅಂದರೆ ಆರೂ ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಊಟ, ಚಹಾ ವಿರಾಮ, ಕರೆಗಳ ನಡುವಿನ ಕಾಯುವಿಕೆ ಸೇರಿದರೆ ಶಿಫ್ಟ್‌ಗೆ ಸರಿಹೊಂದುತ್ತದೆ.

ಅವಳ ಗುರಿ 6 ನಿಮಿಷ 30 ಸೆಕೆಂಡ್ ಇತ್ತು, ಹತ್ತು ಸೆಕೆಂಡ್ ಹೆಚ್ಚಾಗಿದೆ ಎಂದರೆ ಅದನ್ನು ಮುಚ್ಚಿಡಬೇಕೇ? ರೆಸ್ಯೂಮೆಯಲ್ಲಿ ಬರೆಯಲೇಬೇಕೆಂದಿಲ್ಲ. ಆದರೆ ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಬೇಗ ಬೇಗ ಫೋನ್ ಇಟ್ಟರೆ ಎಎಚ್‌ಟಿ ಇಳಿಯುತ್ತದೆ, ಆದರೆ ಗ್ರಾಹಕರು ಮರುದಿನ ಮತ್ತೆ ಫೋನ್ ಮಾಡುತ್ತಾರೆ. ಲೈನಿನಲ್ಲಿ ಉಳಿದ ಆ ಹತ್ತು ಸೆಕೆಂಡ್ ಮರುಕರೆಗಳನ್ನು ಉಳಿಸಿದೆ ಎಂದು ಅವಳು ಹೇಳಬಹುದು. ಒಂದು ಅಳತೆ ಇನ್ನೊಂದನ್ನು ಹೇಗೆ ಎಳೆಯುತ್ತದೆ ಎಂಬುದನ್ನು ತಿಳಿದವರು ಫ್ಲೋರ್‌ನಲ್ಲಿ ನಿಜವಾಗಿ ಕೂತವರು ಎಂಬುದು ಕೇಳುವವರಿಗೂ ಗೊತ್ತು.

ಇನ್ನೊಂದು ಕಡೆ ಎಚ್ಚರ ಬೇಕು. ಕೆಲವು ಸಿಸ್ಟಂಗಳಲ್ಲಿ ಕರೆಯನ್ನು ಬೇರೆ ವಿಭಾಗಕ್ಕೆ ಟ್ರಾನ್ಸ್‌ಫರ್ ಮಾಡಿದರೆ ಅದು ಏಜೆಂಟ್‌ನ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಕಷ್ಟದ ಕರೆಗಳನ್ನೆಲ್ಲ ದಾಟಿಸಿ ಎಫ್‌ಸಿಆರ್ ಏರಿಸಿಕೊಳ್ಳಬಹುದು. ಇದನ್ನು ಬಲ್ಲ ಮ್ಯಾನೇಜರ್ ‘ನಿಮ್ಮ ಟ್ರಾನ್ಸ್‌ಫರ್ ಎಷ್ಟಿತ್ತು? ಸೂಪರ್‌ವೈಸರ್‌ಗೆ ಹೋದ ಕರೆ ಎಷ್ಟು?’ ಎಂದು ಕೇಳುತ್ತಾರೆ. ಆ ಅಂಕಿಗಳನ್ನೂ ಗೊತ್ತು ಮಾಡಿಕೊಂಡು ಹೋಗುವುದು ಒಳ್ಳೆಯದು.

ಎಫ್‌ಸಿಆರ್ ತಂಡದ ಸರಾಸರಿಗಿಂತ ಕೆಳಗಿದ್ದರೆ? ಅಂಕಿ ತಿದ್ದುವುದು ಬೇಡ. ಸೇರಿದ ಮೂರನೇ ತಿಂಗಳಲ್ಲಿ 58% ಇದ್ದದ್ದು ವರ್ಷದ ಹೊತ್ತಿಗೆ 69% ಆಗಿದ್ದರೆ ಆ ಏರಿಕೆಯನ್ನೇ ಬರೆಯಬಹುದು. ಅಥವಾ ಗುಣಮಟ್ಟದ ತಂಡ ಕರೆ ಕೇಳಿ ಕೊಡುವ ಕ್ವಾಲಿಟಿ ಸ್ಕೋರ್, ಗ್ರಾಹಕರು ಕೊಡುವ ಸಿಸ್ಯಾಟ್ ಇವುಗಳಲ್ಲಿ ಚೆನ್ನಾಗಿರುವುದನ್ನು ಮುಂದಿಡಬಹುದು. ಒಂದು ಒಳ್ಳೆಯ, ನಿಜವಾದ ಅಂಕಿ ಸಾಕು. ಐದಾರು ಅಂಕಿ ತುಂಬಿದ ಸಾಲನ್ನು ಯಾರೂ ಪೂರ್ತಿ ಓದುವುದಿಲ್ಲ.

ಈ ಅಂಕಿಗಳು ಸಿಗುವುದೆಲ್ಲಿ ಎಂಬುದೂ ಪ್ರಶ್ನೆಯೇ. ಬಹಳಷ್ಟು ಫ್ಲೋರ್‌ಗಳಲ್ಲಿ ಮೊಬೈಲ್ ಲಾಕರ್‌ನಲ್ಲಿಟ್ಟು ಒಳಗೆ ಹೋಗಬೇಕು. ಡ್ಯಾಶ್‌ಬೋರ್ಡ್‌ನ ಫೋಟೊ ತೆಗೆಯುವುದು ನಿಯಮದ ಉಲ್ಲಂಘನೆ, ಕೆಲಸಕ್ಕೇ ಕುತ್ತು. ಹಾಗೆ ತೆಗೆದ ಫೋಟೊ ತೋರಿಸಿದರೆ ಹೊಸ ಕಂಪನಿಯೂ ಹೆದರುತ್ತದೆ, ನಾಳೆ ನಮ್ಮದನ್ನೂ ಹೀಗೇ ಒಯ್ಯುತ್ತಾರೆಂದು. ಟೀಮ್ ಲೀಡರ್ ತಿಂಗಳ ಕೊನೆಗೆ ಕೊಡುವ ನಿಮ್ಮ ಸ್ವಂತ ಸ್ಕೋರ್, ಅಪ್ರೈಸಲ್‌ನಲ್ಲಿ ಹೇಳಿದ ಅಂಕಿ, ಇನ್ಸೆಂಟಿವ್ ಯಾವ ಗುರಿ ಮುಟ್ಟಿದ್ದಕ್ಕೆ ಬಂತು ಎಂಬ ವಿವರ ನಿಮ್ಮ ನೆನಪಿನಲ್ಲಿರಬೇಕು. ಕೆಲಸ ಬಿಡುವ ಮೊದಲೇ ಟಿಎಲ್ ಹತ್ತಿರ ಕೇಳಿ ಖಚಿತಪಡಿಸಿಕೊಳ್ಳಿ. ಕ್ಲೈಂಟ್ ಹೆಸರು ಹೇಳಬಾರದೆಂದು ಕರಾರಿನಲ್ಲಿದ್ದರೆ ‘ಪ್ರಮುಖ ಬ್ರಾಡ್‌ಬ್ಯಾಂಡ್ ಸಂಸ್ಥೆ’ ಎಂದಷ್ಟೇ ಬರೆಯಿರಿ. ತಂಡದ ಸರಾಸರಿ ಹೇಳುವುದಕ್ಕೂ ಅಡ್ಡಿಯಿದ್ದರೆ ‘ತಂಡದ ಸರಾಸರಿಗಿಂತ ಮೇಲೆ’ ಎಂದರೂ ನಡೆಯುತ್ತದೆ.

ಭಾಷೆ: ಪಟ್ಟಿಯಿಂದ ಕೆಲಸದೊಳಗೆ

‘ಕನ್ನಡ, ಇಂಗ್ಲಿಷ್, ಹಿಂದಿ’ ಎಂಬ ಪಟ್ಟಿಯಿಂದ ಯಾವ ಭಾಷೆಯಲ್ಲಿ ಕೆಲಸ ಮಾಡಿಸಬಹುದು ಎಂಬುದು ತಿಳಿಯುವುದಿಲ್ಲ. ಹಿಂದಿ ಸಿನಿಮಾ ಅರ್ಥವಾಗುವುದು ಬೇರೆ, ಬಿಲ್ ಹೆಚ್ಚು ಬಂದಿದೆಯೆಂದು ಕೂಗಾಡುವ ಗ್ರಾಹಕರಿಗೆ ಹಿಂದಿಯಲ್ಲಿ ಜಿಎಸ್‌ಟಿ ವಿವರಿಸುವುದು ಬೇರೆ. ಹಾಗೆಯೇ ಮಾತಾಡುವ ಶಕ್ತಿ ವಾಯ್ಸ್ ಪ್ರೋಸೆಸ್‌ಗೆ ಬೇಕು, ತಪ್ಪಿಲ್ಲದೆ ಬರೆಯುವ ಶಕ್ತಿ ಚಾಟ್ ಮತ್ತು ಇಮೇಲ್ ಪ್ರೋಸೆಸ್‌ಗೆ ಬೇಕು. ಎರಡೂ ಒಬ್ಬರಲ್ಲೇ ಇರಬೇಕೆಂದಿಲ್ಲ.

ಆದ್ದರಿಂದ ಭಾಷೆಯನ್ನು ಅದು ಮಾಡಿದ ಕೆಲಸದ ಜೊತೆ ಬರೆಯಬೇಕು. ನಮ್ಮ ಯುವತಿಯ ಕರೆಗಳಲ್ಲಿ ಹತ್ತಕ್ಕೆ ಏಳು ಕನ್ನಡದಲ್ಲಿ, ಎರಡು ಹಿಂದಿಯಲ್ಲಿ, ಒಂದು ತೆಲುಗಿನಲ್ಲಿ ನಡೆಯುತ್ತಿದ್ದವು. ಟಿಕೆಟ್ ಮಾತ್ರ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಈ ಕೊನೆಯದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಅಮ್ಮಾ, ನಿನ್ನೆ ಮಳೆ ಬಂದಾಗಿಂದ ಡಬ್ಬಿ ಕೆಂಪಗೆ ಮಿನುಗ್ತೈತಿ’ ಎಂದು ಗ್ರಾಹಕರು ಹೇಳಿದ್ದನ್ನು, ಮಳೆಯ ನಂತರ ಸಿಗ್ನಲ್ ಕಡಿತ, ಮೋಡೆಮ್‌ನಲ್ಲಿ ಕೆಂಪು ದೀಪ, ಕೇಬಲ್ ಪರೀಕ್ಷೆ ಬೇಕು ಎಂದು ಕರೆ ನಡೆಯುತ್ತಿರುವಾಗಲೇ ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ದೊಡ್ಡ ಕೌಶಲ. ಎರಡನೆಯ ಸಾಲು ಹೀಗೆ ಬದಲಾಗುತ್ತದೆ:

- ಸುಮಾರು 70% ಕರೆ ಕನ್ನಡ, 20% ಹಿಂದಿ, 10% ತೆಲುಗಿನಲ್ಲಿ ನಿರ್ವಹಣೆ. ಕರೆಯ ಜೊತೆಜೊತೆಗೇ ಇಂಗ್ಲಿಷಿನಲ್ಲಿ ಟಿಕೆಟ್ ದಾಖಲೆ.

ಉತ್ತರ ಕರ್ನಾಟಕ, ಮೈಸೂರು, ಕರಾವಳಿ ಎಂದು ಕನ್ನಡದ ಬಗೆಗಳು ಹಲವು. ಅವೆಲ್ಲ ಸಲೀಸಾಗಿ ಅರ್ಥವಾಗುತ್ತವೆ, ಉತ್ತರ ಕೊಡಬಲ್ಲೆ ಎಂಬುದು ರಾಜ್ಯವಿಡೀ ಗ್ರಾಹಕರಿರುವ ಬ್ಯಾಂಕು, ಟೆಲಿಕಾಂ, ವಿದ್ಯುತ್ ಸಹಾಯವಾಣಿಗಳಿಗೆ ಬೆಲೆಯುಳ್ಳ ಮಾತು. ತುಳು, ಕೊಂಕಣಿ, ದಖನಿ ಉರ್ದು, ಲಂಬಾಣಿ ಮಾತಾಡುವವರು ಅದನ್ನು ಬರೆಯಲು ಹಿಂಜರಿಯುತ್ತಾರೆ. ಮನೆಮಾತಷ್ಟೇ ಎಂದುಕೊಳ್ಳುತ್ತಾರೆ. ಆ ಭಾಷೆಯ ಗ್ರಾಹಕರು ಸಮಾಧಾನವಾಗಿ ಮಾತಾಡಿದ ಅನುಭವವಿದ್ದರೆ ಅದೂ ಕೆಲಸದ ಅರ್ಹತೆಯೇ.

ಇಂಗ್ಲಿಷ್ ವಿಷಯದಲ್ಲಿ ‘ಫ್ಲುಯೆಂಟ್’ ಎಂದು ಬರೆಯುವ ಮೊದಲು ಯೋಚಿಸಬೇಕು. ಅನೇಕ ಕಂಪನಿಗಳು ವರ್ಸಂಟ್‌ನಂಥ ಕಂಪ್ಯೂಟರ್ ಪರೀಕ್ಷೆ ಕೊಡುತ್ತವೆ. ವಾಕ್ಯ ಕೇಳಿಸಿಕೊಂಡು ಹಾಗೆಯೇ ಮರುನುಡಿಯುವುದು, ಕತೆಯೊಂದನ್ನು ಕೇಳಿ ತಮ್ಮ ಮಾತಿನಲ್ಲಿ ಹೇಳುವುದು ಅದರಲ್ಲಿರುತ್ತದೆ. ಭಾಷೆಯ ಮಟ್ಟವನ್ನು ಎ1ರಿಂದ ಸಿ2ವರೆಗೆ ಆರು ಮೆಟ್ಟಿಲಾಗಿ ಹೇಳುವ ಯುರೋಪಿನ ಪದ್ಧತಿಯೂ ಬಳಕೆಯಲ್ಲಿದೆ. ಜಾಹೀರಾತಿನಲ್ಲಿ ‘ಬಿ2’ ಎಂದಿದ್ದರೆ ಅದು ಇದೇ. ಪರೀಕ್ಷೆ ಬರೆದು ಬಂದ ಅಂಕ ಅಥವಾ ಮಟ್ಟ ಇದ್ದರೆ ಬರೆಯಿರಿ. ಇಲ್ಲದಿದ್ದರೆ ಮಟ್ಟದ ಹೆಸರು ಹಾಕದೆ, ಇಂಗ್ಲಿಷಿನಲ್ಲಿ ಮಾಡಿದ ಕೆಲಸವನ್ನು ಹೇಳಿ.

ಶಿಫ್ಟ್: ಗಂಟೆಯ ಲೆಕ್ಕದಲ್ಲಿ

‘ಯಾವ ಶಿಫ್ಟ್ ಆದರೂ ಸರಿ’ ಎಂಬ ಸಾಲನ್ನು ಎಲ್ಲರೂ ಬರೆಯುತ್ತಾರೆ. ಹಾಗೆ ಬರೆದವರಲ್ಲಿ ಕೆಲವರು ಎರಡನೇ ವಾರವೇ ರಾತ್ರಿ ಪಾಳಿ ಆಗದೆಂದು ಬಿಟ್ಟುಹೋಗುತ್ತಾರೆ. ತರಬೇತಿ ಕೊಟ್ಟ ಖರ್ಚು ಕಂಪನಿಗೆ ನಷ್ಟ. ಅದಕ್ಕೇ ಸಿದ್ಧ ಎಂಬ ಮಾತಿಗಿಂತ ಮಾಡಿ ತೋರಿಸಿದ ದಾಖಲೆಗೆ ತೂಕ ಹೆಚ್ಚು.

ಮೊದಲು ಆ ಶಿಫ್ಟ್ ಯಾವುದೆಂದು ಗಂಟೆಯಲ್ಲಿ ತಿಳಿಯಬೇಕು. ಅಮೆರಿಕದ ಪೂರ್ವ ಭಾಗದಲ್ಲಿ ಬೆಳಿಗ್ಗೆ 9 ಆದಾಗ ನಮ್ಮಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಸಂಜೆ 6.30, ಚಳಿಗಾಲದಲ್ಲಿ 7.30. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುವುದೇ ಕಾರಣ. ಬ್ರಿಟನ್ನಿನ ಬೆಳಿಗ್ಗೆ 9 ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಸಿಡ್ನಿಯ ಬೆಳಿಗ್ಗೆ 9 ಎಂದರೆ ನಮ್ಮ ನಸುಕಿನ 4.30, ಅವರ ಬೇಸಿಗೆಯಲ್ಲಿ 3.30. ಕರ್ನಾಟಕದ ಗ್ರಾಹಕರ ಪ್ರೋಸೆಸ್ ಆದರೆ ಹೆಚ್ಚಾಗಿ ಹಗಲಿನದೇ. ಆದರೆ ಹಬ್ಬದ ದಿನವೂ ಕೆಲಸ ಇರಬಹುದು, ವಾರದ ರಜೆ ಶನಿವಾರ-ಭಾನುವಾರವೇ ಬರುತ್ತದೆಂದಿಲ್ಲ.

ನಮ್ಮ ಯುವತಿ ಹದಿನೆಂಟು ತಿಂಗಳೂ ಬದಲಾಗುವ ಪಾಳಿಯಲ್ಲಿದ್ದಳು, ಅದರಲ್ಲಿ ಆರು ತಿಂಗಳು ಮಧ್ಯಾಹ್ನ 1ರಿಂದ ರಾತ್ರಿ 10ರವರೆಗಿನದು. ಶೆಡ್ಯೂಲ್ ಅಡ್ಹಿಯರೆನ್ಸ್, ಅಂದರೆ ಹೇಳಿದ ಹೊತ್ತಿಗೆ ಲಾಗಿನ್ ಆಗಿ, ಹೇಳಿದಷ್ಟೇ ವಿರಾಮ ತೆಗೆದುಕೊಂಡ ಪ್ರಮಾಣ 96% ಇತ್ತು. ಮೂರನೆಯ ಸಾಲು:

- 18 ತಿಂಗಳು ಬದಲಾಗುವ ಪಾಳಿ ಮತ್ತು ರಜೆಗಳಲ್ಲಿ ಕೆಲಸ. ಅದರಲ್ಲಿ 6 ತಿಂಗಳು ಮಧ್ಯಾಹ್ನ 1ರಿಂದ ರಾತ್ರಿ 10. ಶೆಡ್ಯೂಲ್ ಅಡ್ಹಿಯರೆನ್ಸ್ 96%.

ಮುಂದೆ ಯಾವ ಪಾಳಿಗೆ ಒಪ್ಪಿಗೆ ಎಂಬುದನ್ನು ಅನುಭವದ ಸಾಲಿನಲ್ಲಿ ಬೆರೆಸದೆ, ರೆಸ್ಯೂಮೆಯ ಮೇಲ್ಭಾಗದಲ್ಲಿ ಪ್ರತ್ಯೇಕ ಸಾಲಾಗಿ ಬರೆಯುವುದು ಉತ್ತಮ. ಇರುವ ಬಡಾವಣೆಯನ್ನೂ ಅಲ್ಲೇ ಹೇಳಿ. ಕಂಪನಿಯ ಕ್ಯಾಬ್ ಆಫೀಸಿನಿಂದ ಇಂತಿಷ್ಟು ಕಿಲೋಮೀಟರ್ ಒಳಗೆ ಮಾತ್ರ ಎಂಬ ಗಡಿ ಇರುತ್ತದೆ, ಅದರಾಚೆ ಇರುವವರು ಹತ್ತಿರದ ಸ್ಥಳಕ್ಕೆ ಬಂದು ಹತ್ತಬೇಕು. ಮಹಿಳೆಯರನ್ನು ರಾತ್ರಿ ಪಾಳಿಗೆ ಹಾಕುವ ಸಂಸ್ಥೆ ವಾಹನದ, ಭದ್ರತೆಯ ಏರ್ಪಾಡು ಮಾಡಬೇಕೆಂಬ ನಿಯಮ ಕರ್ನಾಟಕದಲ್ಲಿದೆ. ಕ್ಯಾಬ್ ಬಗ್ಗೆ ಕೇಳುವುದು ಹೆಚ್ಚಿನ ಬೇಡಿಕೆಯೇನಲ್ಲ. ರಾತ್ರಿ ಪಾಳಿ ಆಗುವುದೇ ಇಲ್ಲವಾದರೆ ‘ಬೆಳಿಗ್ಗೆ 6ರಿಂದ ರಾತ್ರಿ 10ರೊಳಗಿನ ಯಾವ ಪಾಳಿಗೂ ಸಿದ್ಧ’ ಎಂದು ಬರೆಯಿರಿ. ಕೆಲವು ಕರೆಗಳು ತಪ್ಪಬಹುದು. ಬರುವ ಕರೆಗಳು ಮಾತ್ರ ನಿಮಗೆ ಒಗ್ಗುವ ಕೆಲಸದ್ದಾಗಿರುತ್ತವೆ.

ಒಂದೇ ಅನುಭವ, ಎರಡು ಅರ್ಜಿ

ಈಗ ಅವಳ ಮುಂದೆ ಎರಡು ಜಾಹೀರಾತುಗಳಿವೆ. ಒಂದು, ಬ್ಯಾಂಕಿನ ಕನ್ನಡ ವಾಯ್ಸ್ ಪ್ರೋಸೆಸ್, ಹಗಲು ಪಾಳಿ. ಇನ್ನೊಂದು, ಅಮೆರಿಕದ ಆನ್‌ಲೈನ್ ಅಂಗಡಿಯ ಚಾಟ್ ಪ್ರೋಸೆಸ್, ರಾತ್ರಿ ಪಾಳಿ. ಮೊದಲನೆಯದಕ್ಕೆ ಭಾಷೆಯ ಸಾಲು ಎಲ್ಲಕ್ಕಿಂತ ಮೇಲೆ ಬರಬೇಕು, ಅದರ ಹಿಂದೆಯೇ ಎಫ್‌ಸಿಆರ್. ಬಿಲ್ ತಕರಾರಿನ ಕರೆಗಳನ್ನು ನಿಭಾಯಿಸಿದ್ದರೆ ಅದನ್ನೂ ಸೇರಿಸಬೇಕು, ಏಕೆಂದರೆ ಬ್ಯಾಂಕಿನಲ್ಲೂ ಹಣದ ತಕರಾರೇ ಹೆಚ್ಚು. ಎರಡನೆಯದಕ್ಕೆ ಕನ್ನಡ, ತೆಲುಗಿನ ಪಾಲು ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಟಿಕೆಟ್ ಬರಹ ಮೇಲೇರುತ್ತದೆ. ಟೈಪಿಂಗ್ ವೇಗವನ್ನು ಅಳೆದು ನಿಮಿಷಕ್ಕೆ ಇಷ್ಟು ಪದ ಎಂದು ಹಾಕಬೇಕು. ರಾತ್ರಿ ಪಾಳಿಯ ಅನುಭವ ಅವಳಿಗಿಲ್ಲ, ಆದ್ದರಿಂದ ಅನುಭವವಿದೆ ಎನ್ನದೆ ಒಪ್ಪಿಗೆಯಿದೆ ಎಂದಷ್ಟೇ ಬರೆಯಬೇಕು. ಸಾಲುಗಳ ಸತ್ಯ ಬದಲಾಗುವುದಿಲ್ಲ, ಕ್ರಮ ಮತ್ತು ಒತ್ತು ಬದಲಾಗುತ್ತವೆ.

ಜಾಹೀರಾತಿನ ಪದಗಳನ್ನೇ ಬಳಸಿ. ಅಲ್ಲಿ ‘ವಾಯ್ಸ್ ಪ್ರೋಸೆಸ್’, ‘ಇನ್‌ಬೌಂಡ್’, ‘ರೊಟೇಷನಲ್ ಶಿಫ್ಟ್’ ಎಂದಿದ್ದರೆ ಅವೇ ಪದಗಳು ನಿಮ್ಮ ರೆಸ್ಯೂಮೆಯಲ್ಲಿರಲಿ. ನೌಕ್ರಿಯಂಥ ತಾಣಗಳಲ್ಲಿ ಎಚ್‌ಆರ್ ಹುಡುಕುವುದು ಆ ಪದಗಳಿಂದಲೇ. ಬಳಸಿದ ಸಾಫ್ಟ್‌ವೇರ್‌ನ ಹೆಸರನ್ನೂ ಹಾಕಿ. ಬಣ್ಣದ ಡಬ್ಬಿಗಳು, ಪಕ್ಕಪಕ್ಕದ ಕಾಲಂಗಳು ಇರುವ ವಿನ್ಯಾಸ ಬೇಡ, ರೆಸ್ಯೂಮೆ ಓದುವ ಸಾಫ್ಟ್‌ವೇರ್ ಅವುಗಳಲ್ಲಿ ಸಾಲುಗಳನ್ನು ಅಡ್ಡಾದಿಡ್ಡಿ ಓದಿಬಿಡುವುದುಂಟು.

ಇದೇ ಮೊದಲ ಕೆಲಸ ಹುಡುಕುವವರಿಗೆ ಎಫ್‌ಸಿಆರ್ ಇರುವುದಿಲ್ಲ. ಅಂಥವರು ಮೊಬೈಲ್ ಅಂಗಡಿಯಲ್ಲಿ, ಮೆಡಿಕಲ್ ಶಾಪ್‌ನಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ ಕೂತಿದ್ದರೆ ದಿನಕ್ಕೆ ಎಷ್ಟು ಜನರನ್ನು ನೋಡಿದರು, ಯಾವ ಭಾಷೆಗಳಲ್ಲಿ, ಯಾವ ಬಗೆಯ ತಕರಾರು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಬರೆಯಬಹುದು. ಪ್ರಶ್ನೆಗಳು ಅವೇ ಮೂರು, ಸಾಮಗ್ರಿ ಮಾತ್ರ ಬೇರೆ.

ಕಳುಹಿಸುವ ಮೊದಲು ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಅದರ ಮುಂದೆ ಎರಡು ಪ್ರಶ್ನೆ ಹಾಕಿಕೊಳ್ಳಿ: ‘ಇದನ್ನು ಅಳೆದದ್ದು ಹೇಗೆ?’ ಮತ್ತು ‘ಒಂದು ಕರೆಯ ಉದಾಹರಣೆ ಕೊಡಿ.’ ಎರಡಕ್ಕೂ ತಡವರಿಸದೆ ಅರ್ಧ ನಿಮಿಷ ಮಾತಾಡಬಲ್ಲಿರಾದರೆ ಆ ಸಾಲು ಇರಲಿ. ಒಂದಕ್ಕೆ ಉತ್ತರವಿಲ್ಲದಿದ್ದರೆ ಸಾಲನ್ನು ತಿದ್ದಿ, ಎರಡಕ್ಕೂ ಇಲ್ಲದಿದ್ದರೆ ಅಳಿಸಿ. ಸಂದರ್ಶನದಲ್ಲಿ ಬರುವ ಮೊದಲ ಪ್ರಶ್ನೆಗಳು ಹೆಚ್ಚಾಗಿ ಇವೇ ಆಗಿರುತ್ತವೆ.